ತಹಸೀಲ್ದಾರನ ಅಚ್ಚಿನಲ್ಲಿ ಡೌನ್‌ಲೋಡ್: ಅರಬ್ಬಿ ಭಾಷೆ ಹೊಸ ಪದ ಹುಟ್ಟಿಸೋದು ಹೇಗೆ?

ಈ ವಾರದ ಮಾತಿನ ಬರಹರೂಪ ಇಲ್ಲಿದೆ. ವಿಡಿಯೋದಲ್ಲಿ ಅರಬ್ಬಿ ಪದಗಳು ಒಂದರ ಹಿಂದೆ ಒಂದು ಬಂದುಹೋಗುತ್ತವೆ. ಕಿವಿಗಿಂತ ಕಣ್ಣಿಗೆ ಅವುಗಳ ಆಕಾರ ಬೇಗ ಸಿಗುತ್ತೆ. ಹಾಗಾಗಿ ಇದನ್ನ ಓದೋದೇ ಒಳ್ಳೇದು.

ಮೊದಲು ನಮ್ಮ ಮಾತನ್ನೇ ಗಮನಿಸೋಣ. ಆಫೀಸಿನಲ್ಲಿ ನಾವು ‘ಸೇವ್ ಮಾಡು’ ಅಂತೀವಿ, ‘ಶೇರ್ ಮಾಡ್ದೆ’ ಅಂತೀವಿ, ‘ಸಿಸ್ಟಮ್ ಹ್ಯಾಂಗ್ ಆಯ್ತು’ ಅಂತೀವಿ. ಇಂಗ್ಲಿಷ್ ಪದ ಹೇಗಿದೆಯೋ ಹಾಗೇ ಇರುತ್ತೆ. ಕಾಲ, ಲಿಂಗ, ವಚನ ಎಲ್ಲವನ್ನೂ ಪಕ್ಕದಲ್ಲಿ ನಿಂತ ‘ಮಾಡು’, ‘ಆಗು’ ಹೊರುತ್ತವೆ. ಕನ್ನಡಕ್ಕೆ ಹೊಸ ಕ್ರಿಯಾಪದ ಬೇಕಾದರೆ ಎರಡು ಸೆಕೆಂಡಿನ ಕೆಲಸ.

ಅರಬ್ಬಿಯಲ್ಲಿ ಈ ಸೌಕರ್ಯ ಹೀಗೆ ಸಿಗೋದಿಲ್ಲ. ಅಲ್ಲಿ ಕ್ರಿಯಾಪದದ ಕಾಲ, ಪುರುಷ, ಅರ್ಥದ ಛಾಯೆ ಪದದ ಹೊಟ್ಟೆಯೊಳಗೇ ಬದಲಾಗುತ್ತವೆ. ಹೊರಗಿನ ಪದ ಕ್ರಿಯಾಪದ ಆಗಬೇಕು ಅಂದರೆ ತನ್ನ ಆಕಾರ ಬಿಟ್ಟುಕೊಡಬೇಕು. ಕಂಪ್ಯೂಟರ್, ಮೊಬೈಲ್ ಬಂದಾಗ ಈ ಭಾಷೆ ಏನು ಮಾಡಿತು ಅನ್ನೋದು ಇವತ್ತಿನ ವಿಷಯ.

ಧಾತು ಮತ್ತು ಅಚ್ಚು

ಅರಬ್ಬಿಯ ಬಹುತೇಕ ಪದಗಳ ಒಳಗೆ ಮೂರು ವ್ಯಂಜನಗಳ ಒಂದು ಧಾತು ಇರುತ್ತೆ. ಅರ್ಥದ ತಿರುಳು ಆ ವ್ಯಂಜನಗಳಲ್ಲಿರುತ್ತೆ. ಅವುಗಳ ನಡುವೆ ಯಾವ ಸ್ವರ ಬರುತ್ತೆ, ಮುಂದೆ ಹಿಂದೆ ಏನು ಸೇರುತ್ತೆ ಅನ್ನೋದು ಅಚ್ಚು. ಚಕ್ಕುಲಿ ಒರಳು ನೆನಪಿಸಿಕೊಳ್ಳಿ. ಹಿಟ್ಟು ಒಂದೇ, ಬಿಲ್ಲೆ ಬದಲಿಸಿದರೆ ಚಕ್ಕುಲಿ, ಸೇವೆ, ತೇಂಗೊಳಲು.

ಇದು ನಮಗೆ ಹೊಸದೇನಲ್ಲ, ಗೊತ್ತಿಲ್ಲದೆ ಬಳಸುತ್ತಾ ಬಂದಿದ್ದೀವಿ. ಪಾರ್ಸಿ ಆಡಳಿತಭಾಷೆಯ ಮೂಲಕ ಕನ್ನಡಕ್ಕೆ ಬಂದ ಮಾಮೂಲು, ಮಂಜೂರು, ಮಹಸೂಲು ಮೂರನ್ನೂ ಜೋರಾಗಿ ಹೇಳಿ ನೋಡಿ. ಒಂದೇ ತಾಳ, ಅಲ್ವಾ? ಮೂರೂ ಅರಬ್ಬಿಯ ಒಂದೇ ಅಚ್ಚಿನಿಂದ ಬಂದವು. ‘ಮ’ದಿಂದ ಶುರು, ನಡುವೆ ದೀರ್ಘ ‘ಊ’. ಅರ್ಥ: ಆ ಕ್ರಿಯೆಗೆ ಒಳಗಾದದ್ದು. ನಜರು ಅಂದರೆ ನೋಟ, ಮಂಜೂರು ಅಂದರೆ ಮೂಲದಲ್ಲಿ ‘ನೋಡಲಾದದ್ದು’. ಸಾಹೇಬರು ನೋಡಿ ಒಪ್ಪಿದರು ಅಂತ ಆಮೇಲೆ ಅರ್ಥ ಬಂತು.

ಇನ್ನೊಂದು ಅಚ್ಚು ‘ತ’ದಿಂದ ಶುರುವಾಗಿ ನಡುವೆ ದೀರ್ಘ ‘ಈ’ ಇರೋದು. ಇದು ಕೆಲಸದ ಹೆಸರು. ಹ-ಸ-ಲ ಅನ್ನೋ ಧಾತುವಿಗೆ ‘ಕೈಗೆ ಬರೋದು’ ಅನ್ನೋ ಅರ್ಥ. ಮೊದಲ ಅಚ್ಚಿಗೆ ಹಾಕಿದರೆ ಮಹಸೂಲು, ಅಂದರೆ ಬಂದ ಫಲ. ಎರಡನೇ ಅಚ್ಚಿಗೆ ಹಾಕಿದರೆ ತಹಸೀಲು, ಅಂದರೆ ವಸೂಲು ಮಾಡೋ ಕೆಲಸ. ಅದಕ್ಕೆ ಪಾರ್ಸಿಯ ‘ದಾರ್’ ಸೇರಿ ನಮ್ಮ ತಹಸೀಲ್ದಾರ್.

ಈ ಜೋಡಿಯನ್ನ ನೆನಪಿಟ್ಟುಕೊಳ್ಳಿ. ಇನ್ನು ಮೊಬೈಲಿಗೆ ಬರೋಣ.

ಹಮಾಲಿಯಿಂದ ಮೊಬೈಲ್

ಮುಂಬೈ, ಹೈದರಾಬಾದಿನಲ್ಲಿ ಇರೋರಿಗೆ, ನಮ್ಮ ಎಪಿಎಂಸಿ ಯಾರ್ಡ್ ನೋಡಿದವರಿಗೆ ಹಮಾಲರು ಗೊತ್ತು. ಧಾತು ಹ-ಮ-ಲ, ಹೊರು ಅಂತ. ನಡುವಿನ ವ್ಯಂಜನವನ್ನ ಒತ್ತಿ ‘ಹಮ್ಮಾಲ್’ ಅಂದರೆ ಹೊರೋದನ್ನೇ ಕಸುಬು ಮಾಡಿಕೊಂಡವನು.

ಈಗ ಇದೇ ಧಾತುವನ್ನ ಮಹಸೂಲಿನ ಅಚ್ಚಿಗೆ ಹಾಕಿ. ‘ಮಹ್‌ಮೂಲ್’ ಬರುತ್ತೆ, ಅಂದರೆ ಹೊರಲಾದದ್ದು, ಜೊತೆಗೆ ಒಯ್ಯೋದು. ಈಜಿಪ್ಟಿನ ಬರಹದಲ್ಲಿ ಮೊಬೈಲ್ ಫೋನಿಗೆ ಇದೇ ಹೆಸರು. ‘ಹಾಸೂಬ್ ಮಹ್‌ಮೂಲ್’ ಅಂದರೆ ಲ್ಯಾಪ್‌ಟಾಪ್. ತಹಸೀಲಿನ ಅಚ್ಚಿಗೆ ಹಾಕಿದರೆ ‘ತಹ್‌ಮೀಲ್’, ಅಂದರೆ ಹೊರಿಸೋ ಕೆಲಸ, ಲೋಡ್ ಮಾಡೋದು. ಅರಬ್ಬಿ ವೆಬ್‌ಸೈಟುಗಳಲ್ಲಿ ಡೌನ್‌ಲೋಡಿಗೆ ತುಂಬಾ ಕಾಣೋ ಪದ ಇದು. ಮಹಸೂಲು–ತಹಸೀಲು, ಮಹ್‌ಮೂಲ್–ತಹ್‌ಮೀಲ್. ಯಾರೂ ಹೊಸ ಶಬ್ದ ಸೃಷ್ಟಿಸಲಿಲ್ಲ. ಹಳೇ ಹಿಟ್ಟು, ಹಳೇ ಬಿಲ್ಲೆ, ಹೊಸ ತಿಂಡಿ.

ಆದರೆ ಮೊಬೈಲಿಗೆ ಎಲ್ಲರೂ ಇದೇ ಧಾತು ಆರಿಸಲಿಲ್ಲ. ಸೌದಿಯಲ್ಲಿ ಅದು ‘ಜವ್ವಾಲ್’. ಹಮ್ಮಾಲಿನ ಅಚ್ಚೇ, ಆದರೆ ಧಾತುವಿನ ಅರ್ಥ ಅಲೆದಾಡು. ಫೋನು ಅಲ್ಲಿ ಅಲೆಮಾರಿ. ಜೋರ್ಡಾನ್, ಲೆಬನಾನ್ ಕಡೆ ‘ಖಲವೀ’, ‘ಖಲ್ಯವೀ’ ಅಂತಾರೆ. ಅದು ಜೀವಕೋಶಕ್ಕೆ ಇರೋ ಪದದಿಂದ ಬಂದ ವಿಶೇಷಣ, ‘ಸೆಲ್ಯುಲಾರ್’ ಅನ್ನೋದರ ನೇರ ಅನುವಾದ. ಮೊರಾಕ್ಕೊ, ಅಲ್ಜೀರಿಯಾದ ಆಡುಮಾತಿನಲ್ಲಿ ಫ್ರೆಂಚಿನ ‘ಪೋರ್ತಾಬಲ್’ ಓಡುತ್ತೆ. ಒಂದು ವಸ್ತುವಿಗೆ ನಾಲ್ಕು ಹೆಸರು, ನಾಲ್ಕೂ ಸರಿ.

ಇಲ್ಲಿ ಎಡವೋದು ಎಲ್ಲಿ?

ಗಲ್ಫ್ ಕ್ಲೈಂಟಿಗೆ ಆ್ಯಪ್ ಮಾಡೋರು ಈ ಭಾಗ ನಿಧಾನವಾಗಿ ಓದಿ. ತಹ್‌ಮೀಲ್ ಅಂದರೆ ಹೊರಿಸೋದು. ಯಾರು ಯಾರ ಮೇಲೆ ಹೊರಿಸಿದರು? ಸರ್ವರಿನಿಂದ ಫೋನಿನ ಮೇಲೋ, ಫೋನಿನಿಂದ ಸರ್ವರಿನ ಮೇಲೋ? ಪದ ಅದನ್ನ ಹೇಳೋದಿಲ್ಲ. ಹಾಗಾಗಿ ಕೆಲವು ಸಾಫ್ಟ್‌ವೇರುಗಳ ಮೆನುವಿನಲ್ಲಿ ತಹ್‌ಮೀಲ್ ಅಂದರೆ ಅಪ್‌ಲೋಡ್, ಹಲವು ಸೈಟುಗಳಲ್ಲಿ ಅದೇ ಪದ ಡೌನ್‌ಲೋಡ್. ಎರಡೂ ಬಟನ್ ಇರೋ ಪರದೆಯಲ್ಲಿ ಇದು ಗೊಂದಲ. ದಿಕ್ಕು ಹೇಳೋ ಜೋಡಿ ಪದಗಳು ಬೇರೆ ಇವೆ: ‘ತನ್‌ಜೀಲ್’ ಅಂದರೆ ಇಳಿಸೋದು, ‘ರಫ್ಅ್’ ಅಂದರೆ ಏರಿಸೋದು. ತನ್‌ಜೀಲ್ ಕೂಡ ತಹಸೀಲಿನ ಅಚ್ಚೇ ಅನ್ನೋದು ಈಗ ನಿಮಗೇ ಕಾಣುತ್ತೆ. ಎರಡು ದಿಕ್ಕೂ ಇರೋ ಕಡೆ ಈ ಜೋಡಿಯೇ ಸುರಕ್ಷಿತ.

ಇನ್ನೊಂದು ತೊಡಕು ಬರವಣಿಗೆಯದು. ಅರಬ್ಬಿಯಲ್ಲಿ ಹ್ರಸ್ವ ಸ್ವರವನ್ನೂ ಒತ್ತನ್ನೂ ಸಾಮಾನ್ಯವಾಗಿ ಬರೆಯೋದಿಲ್ಲ. ಹ-ಮ-ಲ ಅಂತ ಮೂರಕ್ಷರ ಮಾತ್ರ ಬಟನ್ ಮೇಲೆ ಹಾಕಿದರೆ ಅದನ್ನ ‘ಹಮ್ಮಿಲ್’ ಅಂದರೆ ‘ಲೋಡ್ ಮಾಡು’ ಅಂತ ಓದಬಹುದು, ‘ಹಮಲ’ ಅಂದರೆ ‘ಹೊತ್ತ’ ಅಂತ ಓದಬಹುದು, ‘ಹಮ್ಲ್’ ಅಂದರೆ ಬಸಿರು ಅಂತಲೂ ಓದಬಹುದು. ಸಂದರ್ಭದಿಂದ ತಿಳಿಯುತ್ತೆ ಅನ್ನಿ. ಆದರೂ ‘ಮಾಡು’ ಅನ್ನೋ ಆಜ್ಞೆಯಲ್ಲಿ ಗಂಡಸಿಗೊಂದು ರೂಪ, ಹೆಂಗಸಿಗೊಂದು ರೂಪ ಬೇರೆ ಇದೆ. ಬಟನ್ನಿಗೆ ಮುಂದೆ ಕೂತವರು ಯಾರು ಅಂತ ಗೊತ್ತಿರೋದಿಲ್ಲ. ಅದಕ್ಕೇ ಅರಬ್ಬಿ ಮೆನುಗಳಲ್ಲಿ ಆಜ್ಞೆಗಿಂತ ಹೆಚ್ಚಾಗಿ ಕೆಲಸದ ಹೆಸರು ಹಾಕ್ತಾರೆ. ‘ಇಳಿಸು’ ಬದಲು ‘ಇಳಿಸುವಿಕೆ’.

ಕಂಪ್ಯೂಟರಿಗೆ ಹೆಸರಿಟ್ಟ ಬಗೆ

ಹ-ಸ-ಬ ಧಾತು ನಮ್ಮ ಹಿಸಾಬಿನದು, ಲೆಕ್ಕ ಅಂತ. ‘ಹಾಸಿಬ್’ ಅಂದರೆ ಲೆಕ್ಕ ಹಾಕುವವನು. ಮನುಷ್ಯನಿಗೂ ಯಂತ್ರಕ್ಕೂ ಗೊಂದಲ ಆಗಬಾರದು ಅಂತ ‘ಹಾಸಿಬ್ ಆಲೀ’, ಅಂದರೆ ಯಾಂತ್ರಿಕ ಲೆಕ್ಕಿಗ ಅಂದರು. ಒಂದೇ ಪದ ಬೇಕು ಅನ್ನೋರು ‘ಹಾಸೂಬ್’ ಅಂದರು.

ಇಂಥ ವಿಷಯ ನೋಡಿಕೊಳ್ಳೋಕೆ ಭಾಷಾ ಅಕಾಡೆಮಿಗಳಿವೆ. ಡಮಾಸ್ಕಸ್ಸಿನದು 1919ರಲ್ಲಿ, ಕೈರೋದ್ದು 1932ರಲ್ಲಿ ಸ್ಥಾಪನೆಯಾದವು. ಕೈರೋ ಅಕಾಡೆಮಿ ಮಾಡಿದ ಒಳ್ಳೆ ಕೆಲಸ ಪದಪಟ್ಟಿ ಕೊಟ್ಟದ್ದಕ್ಕಿಂತ ಅಚ್ಚುಗಳನ್ನ ತೆರೆದಿಟ್ಟದ್ದು. ಹಳೇ ವ್ಯಾಕರಣದಲ್ಲಿ ಉಪಕರಣದ ಹೆಸರಿಗೆ ಮೂರು ಅಚ್ಚು. ಬೀಗದ ಕೈಗೆ ಇರೋ ‘ಮಿಫ್ತಾಹ್’ ಅದರಲ್ಲೊಂದು, ಕೀಬೋರ್ಡಿನ ಕೀ ಕೂಡ ಅದೇ ಪದ. ಈ ಅಚ್ಚುಗಳಿಂದ ಯಾರು ಬೇಕಾದರೂ ಹೊಸ ಪದ ಕಟ್ಟಬಹುದು ಅಂತ ಅಕಾಡೆಮಿ ಒಪ್ಪಿತು. ಆಮೇಲೆ ಜನ ವಾಷಿಂಗ್ ಮೆಷಿನ್ನಿಗೆ ‘ಗಸ್ಸಾಲ’ ಅಂತ ಬಳಸುತ್ತಿದ್ದ ಅಚ್ಚನ್ನೂ, ಹಾಸೂಬ್ ಅಚ್ಚನ್ನೂ ಸೇರಿಸಿಕೊಂಡಿತು. ಆದರೆ ಯಾವ ಅಕಾಡೆಮಿಯ ಮಾತೂ ಎಲ್ಲ ದೇಶಕ್ಕೆ ಕಟ್ಟಳೆಯಲ್ಲ. ಹಾಗಾಗಿ ಹಾಸಿಬ್, ಹಾಸೂಬ್, ‘ಕುಂಬ್ಯೂತರ್’ ಮೂರೂ ಇವತ್ತಿಗೂ ಜೊತೆಗೇ ಇವೆ.

ಎರವಲು ಪದ ಒಳಗೆ ಬರೋ ದಾರಿ

ಕುಂಬ್ಯೂತರ್ ಅಂತ ಯಾಕೆ? ಅರಬ್ಬಿಯಲ್ಲಿ ‘ಪ’ ಇಲ್ಲ, ‘ಬ’ ಆಗುತ್ತೆ. ಶಿಷ್ಟ ಅರಬ್ಬಿಯಲ್ಲಿ ‘ಗ’ ಕೂಡ ಇಲ್ಲ. ಅದಕ್ಕೇ ಗೂಗಲ್ ಅನ್ನೋ ಹೆಸರನ್ನ ಕನಿಷ್ಠ ಮೂರು ಥರ ಟೈಪ್ ಮಾಡ್ತಾರೆ:

```
جوجل
غوغل
قوقل
```

ಮೊದಲನೇದು ಈಜಿಪ್ಟಿನವರ ಥರ, ಅವರು ‘ಜ’ ಅಕ್ಷರವನ್ನೇ ‘ಗ’ ಅಂತ ಉಚ್ಚರಿಸ್ತಾರೆ. ಎರಡನೇದು ಸಿರಿಯಾ, ಲೆಬನಾನ್ ಕಡೆ ಹೆಚ್ಚು. ಮೂರನೇದು ಸೌದಿ ಕಡೆ, ಅಲ್ಲಿನ ಆಡುಮಾತಿನಲ್ಲಿ ಆ ಅಕ್ಷರಕ್ಕೆ ‘ಗ’ ಧ್ವನಿ. ನಿಮ್ಮ ಸರ್ಚ್ ಇಂಡೆಕ್ಸಿನಲ್ಲಿ ಒಂದೇ ಕಾಗುಣಿತ ಇಟ್ಟರೆ ಉಳಿದ ಎರಡು ಊರಿನ ಬಳಕೆದಾರರು ಕೈತಪ್ಪುತ್ತಾರೆ.

ಇದು ಹೊಸ್ತಿಲು ಮಾತ್ರ. ಪದ ಮನೆಯೊಳಗೆ ಬರೋದು ಅದರ ವ್ಯಂಜನಗಳು ಧಾತು ಆದಾಗ. ನಾವು ‘ಹ್ಯಾಂಗ್ ಆಯ್ತು’ ಅನ್ನೋದಕ್ಕೆ ಈಜಿಪ್ಟಿನವರು ‘ಹನ್ನಿಗ್’ ಅಂತಾರೆ. ಇಂಗ್ಲಿಷ್ ಪದದಿಂದ ಹ-ನ-ಗ ಅನ್ನೋ ಮೂರು ವ್ಯಂಜನ ಕಿತ್ತುಕೊಂಡು, ಹಮ್ಮಿಲ್ ಥರವೇ ನಡುವಿನದನ್ನ ಒತ್ತಿ ಕ್ರಿಯಾಪದ ಮಾಡಿದರು. ‘ಬಿಹನ್ನಿಗ್’ ಅಂದರೆ ಹ್ಯಾಂಗ್ ಆಗ್ತಿದೆ, ‘ಮಿಹನ್ನಿಗ್’ ಅಂದರೆ ಹ್ಯಾಂಗ್ ಆಗಿ ನಿಂತಿದೆ. ಆ ತೊಂದರೆಗೆ ಹೆಸರು? ‘ತಹ್‌ನೀಗ್’. ಹೌದು, ತಹಸೀಲಿನ ಅಚ್ಚು!

ನಾಲ್ಕು ವ್ಯಂಜನಗಳಿಗೂ ಒಂದು ಅಚ್ಚಿದೆ. ನಮ್ಮ ‘ತರ್ಜುಮೆ’ ಅದರಿಂದಲೇ ಬಂದದ್ದು. ಫಾರ್ಮ್ಯಾಟ್ ಅನ್ನೋದು ಫ-ರ-ಮ-ತ ಆಗಿ ‘ಫರ್ಮತ’ ಆಯಿತು. ಹಾಸೂಬ್ ಕೂಡ ಇದೇ ತಾಳಕ್ಕೆ ಕುಣಿದು ‘ಹವ್‌ಸಬ’ ಆಯಿತು. ಕ್ಲೌಡ್ ಕಂಪ್ಯೂಟಿಂಗಿಗೆ ಅಲ್ಲಿ ‘ಹವ್‌ಸಬ ಸಹಾಬಿಯ್ಯ’ ಅಂತಾರೆ, ಸಹಾಬ್ ಅಂದರೆ ಮೋಡ.

ಇಲ್ಲೇ ಮಿತಿಯೂ ಇದೆ. ಅಚ್ಚಿನಲ್ಲಿ ಮೂರು ಅಥವಾ ನಾಲ್ಕು ವ್ಯಂಜನಕ್ಕೆ ಜಾಗ. ಕುಂಬ್ಯೂತರಿನಲ್ಲಿ ಐದಾರು ವ್ಯಂಜನ ಇವೆ, ‘ಇಂತರ್ನಿತ್’ ಕೂಡ ಉದ್ದವೇ. ಅವು ನಾಮಪದವಾಗಿ ಕೂತವು, ಅವುಗಳಿಂದ ಕ್ರಿಯಾಪದ ಹುಟ್ಟಲಿಲ್ಲ. ಬೀದಿಯಲ್ಲಿ ಕುಂಬ್ಯೂತರ್ ಗೆದ್ದಿದ್ದರೂ ಪಠ್ಯಪುಸ್ತಕಕ್ಕೆ ಹಾಸೂಬ್ ಇನ್ನೂ ಬೇಕಾಗಿರೋದಕ್ಕೆ ಇದು ಒಂದು ಕಾರಣ. ‘ಕಂಪ್ಯೂಟರೀಕರಿಸು’, ‘ಕಂಪ್ಯೂಟಿಂಗ್’ ಅನ್ನೋದಕ್ಕೆ ಹ-ಸ-ಬ ಮಾತ್ರ ದಾರಿ ಕೊಡುತ್ತೆ.

ಅಂದರೆ ಅರಬ್ಬಿಯಲ್ಲಿ ‘ಸ್ವಂತ ಪದವೋ, ಎರವಲು ಪದವೋ’ ಅನ್ನೋ ಜಗಳ ಅರ್ಧ ಮಾತ್ರ ನಿಜ. ಹಮಾಲಿಯ ತಹ್‌ಮೀಲ್ ಸ್ವಂತದ್ದು, ಹ್ಯಾಂಗಿನ ತಹ್‌ನೀಗ್ ಎರವಲು. ಎರಡೂ ಹಾದು ಬಂದದ್ದು ಒಂದೇ ಅಚ್ಚಿನಿಂದ. ಮುಂದೆ ಯಾವುದಾದರೂ ಅರಬ್ಬಿ ಪರದೆಯಲ್ಲಿ ‘ತ’ದಿಂದ ಶುರುವಾಗಿ ನಡುವೆ ‘ಈ’ ಎಳೆಯೋ ಪದ ಕಂಡರೆ ಅದು ಯಾವುದೋ ಕೆಲಸದ ಹೆಸರಿರಬೇಕು ಅಂತ ಊಹಿಸಿ. ಹೆಚ್ಚಿನ ಸಲ ಸರಿಯಿರುತ್ತೆ.

ನಿಮ್ಮ ಅರಬ್ಬಿ ಸಹೋದ್ಯೋಗಿಗಳು ಮೊಬೈಲಿಗೆ ಏನಂತಾರೆ ಅಂತ ಕೇಳಿ ನೋಡಿ. ಅವರು ಯಾವ ಕಡೆಯವರು ಅನ್ನೋದರ ಸುಳಿವು ಆ ಒಂದು ಪದದಲ್ಲೇ ಸಿಗುತ್ತೆ. ಮುಂದಿನ ವಾರ ಸಿಗೋಣ.