ಖರೀದಿ ಏರಿದೆ, ಲಿಮಿಟ್ ಏರಿಸಲು ಕೇಳುವುದು ಹೇಗೆ?

ಬೇಸಿಗೆ ಎಂದರೆ ಮನೆ ಕಟ್ಟುವವರ, ಬೋರ್‌ವೆಲ್ ಕೊರೆಸುವವರ ಕಾಲ. ತಾಲ್ಲೂಕು ಊರಿನ ಪೈಪು-ಫಿಟಿಂಗ್ಸ್ ಅಂಗಡಿಗಳಿಗೆ ವರ್ಷದ ಸುಗ್ಗಿ. ಇಂಥ ಹೊತ್ತಿನಲ್ಲೇ ಅಂಗಡಿಯವರು ದಾವಣಗೆರೆಯ ಡಿಸ್ಟ್ರಿಬ್ಯೂಟರ್‌ಗೆ ಫೋನ್ ಮಾಡಿ ಮಾಲು ಹೇಳಿದರೆ ಆ ಕಡೆಯಿಂದ ಬರುವ ಮಾತು: "ಅಣ್ಣಾ, ಲಿಮಿಟ್ ದಾಟೈತಿ, ಬಿಲ್ ಆಗ್ತಿಲ್ಲ. ಸ್ವಲ್ಪ ಪೇಮೆಂಟ್ ಹಾಕಿಬಿಡ್ರಿ." ಯಾವ ಬಿಲ್ಲಿನ ವಾಯಿದೆಯೂ ಮುಗಿದಿರುವುದಿಲ್ಲ. ಆದರೂ ಮಾಲು ಬರುವುದಿಲ್ಲ.

ಉದ್ರಿ ವ್ಯಾಪಾರಕ್ಕೆ ಎರಡು ಕಟ್ಟುಗಳಿರುತ್ತವೆ. ಒಂದು ದಿನಗಳದ್ದು: ಬಿಲ್ಲಾದ 30 ದಿನದೊಳಗೆ ಹಣ ಕೊಡಬೇಕು. ಇನ್ನೊಂದು ಮೊತ್ತದ್ದು: ಯಾವ ದಿನವೇ ಆಗಲಿ, ಒಟ್ಟು ಬಾಕಿ ಇಷ್ಟನ್ನು ಮೀರಬಾರದು. ವ್ಯಾಪಾರ ಬೆಳೆದಾಗ ಮೊದಲು ಬಿಗಿಯುವುದು ಈ ಎರಡನೆಯದು.

ಒಂದು ಅಂಗಡಿಯ ಲೆಕ್ಕ ನೋಡೋಣ. ಲಿಮಿಟ್ 4 ಲಕ್ಷ, ವಾಯಿದೆ 30 ದಿನ. ಜನವರಿಯಲ್ಲಿ 4 ಲಕ್ಷದ ಖರೀದಿ, ಫೆಬ್ರವರಿಯಲ್ಲಿ 4.6, ಮಾರ್ಚ್‌ನಲ್ಲಿ 5.2, ಏಪ್ರಿಲ್‌ನಲ್ಲಿ 6 ಲಕ್ಷ. ಜನವರಿಯಲ್ಲಿ ಲಿಮಿಟ್ಟೂ ವಾಯಿದೆಯೂ ಸರಿಯಾಗಿ ಹೊಂದಿಕೊಂಡಿದ್ದವು. ಏಪ್ರಿಲ್‌ನಲ್ಲಿ ಹಾಗಿಲ್ಲ. ತಿಂಗಳಿಗೆ 6 ಲಕ್ಷ ಎಂದರೆ ದಿನಕ್ಕೆ 20 ಸಾವಿರದ ಮಾಲು. 4 ಲಕ್ಷದ ಲಿಮಿಟ್ 20 ದಿನಕ್ಕೇ ತುಂಬಿಹೋಗುತ್ತದೆ. ಮುಂದಿನ ಮಾಲು ಬೇಕೆಂದರೆ ಹಳೆಯ ಬಿಲ್ಲನ್ನು ವಾಯಿದೆಗೆ 10 ದಿನ ಮೊದಲೇ ತೀರಿಸಬೇಕು. ಅಂದರೆ ಕಾಗದದ ಮೇಲಿನ 30 ದಿನದ ಉದ್ರಿ ನಿಜದಲ್ಲಿ 20 ದಿನಕ್ಕೆ ಇಳಿದಿದೆ. ಲಿಮಿಟ್ ಏರಿಸಿ ಎಂದು ಕೇಳಲು ಇದಕ್ಕಿಂತ ಗಟ್ಟಿಯಾದ ಆಧಾರ ಇನ್ನೊಂದಿಲ್ಲ. "ವ್ಯಾಪಾರ ಜಾಸ್ತಿಯಾಗಿದೆ" ಎನ್ನುವ ಬದಲು "ಏಪ್ರಿಲ್ ಬಿಲ್ಲುಗಳನ್ನು ವಾಯಿದೆಗೆ ಮುಂಚೆಯೇ ತೀರಿಸಿದ್ದೇನೆ, ಇಲ್ಲಿದೆ ಲೆಕ್ಕ" ಎನ್ನಬಹುದು.

ಕೇಳುವ ಮುನ್ನ ನಮ್ಮದೇ ಪುಸ್ತಕ

ಖರೀದಿ ಏರಿದ್ದು ಮಾರಾಟದಿಂದಲೋ, ಇಲ್ಲ ಮಾಲು ಕಂಟ್ರಾಕ್ಟರ್‌ಗಳ ಬಾಕಿಯಾಗಿ ಕೂತದ್ದರಿಂದಲೋ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಮೇಲಿನ ಅಂಗಡಿಯಲ್ಲಿ ಖರೀದಿ ಒಂದೂವರೆ ಪಟ್ಟಾಗಿದೆ. ಗಿರಾಕಿಗಳಿಂದ ಬರಬೇಕಾದ ಬಾಕಿ ಜನವರಿಯಲ್ಲಿ 3 ಲಕ್ಷವಿದ್ದದ್ದು ಏಪ್ರಿಲ್ ಕೊನೆಗೆ ನಾಲ್ಕೂವರೆ ಲಕ್ಷವಾಗಿದ್ದರೆ ಚಿಂತೆಯಿಲ್ಲ, ವ್ಯಾಪಾರದ ಜೊತೆಗೇ ಬೆಳೆದಿದೆ. 6 ಲಕ್ಷವಾಗಿದ್ದರೆ ಮಾಲು ಹೋಗಿದೆ, ಹಣ ಬಂದಿಲ್ಲ. ಆಗ ಲಿಮಿಟ್ ಏರಿಸಿಕೊಂಡರೂ ಅದನ್ನು ಎರಡು ತಿಂಗಳಲ್ಲಿ ಕಂಟ್ರಾಕ್ಟರ್‌ಗಳೇ ನುಂಗುತ್ತಾರೆ, ಸಾಲದ ಮೊತ್ತ ಮಾತ್ರ ದೊಡ್ಡದಾಗುತ್ತದೆ. ಅಂಥ ಅಂಗಡಿ ಮೊದಲು ವಸೂಲಿಗೆ ಇಳಿಯಬೇಕು.

ಇನ್ನೊಂದು ಲೆಕ್ಕವಿದೆ. 7 ದಿನದಲ್ಲಿ ಹಣ ಕೊಟ್ಟರೆ ನೂರಕ್ಕೆ 2ರಂತೆ ಕ್ಯಾಶ್ ಡಿಸ್ಕೌಂಟ್ ಇದ್ದರೆ, 1 ಲಕ್ಷದ ಬಿಲ್ಲಿಗೆ 2,000 ರೂಪಾಯಿ ಉಳಿಯುತ್ತದೆ. ಆ 98,000ವನ್ನು ಬ್ಯಾಂಕ್ ಓವರ್‌ಡ್ರಾಫ್ಟಿನಿಂದ ತೆಗೆದು 7ನೇ ದಿನವೇ ಕೊಟ್ಟರೆ, ವರ್ಷಕ್ಕೆ ಶೇ. 12ರ ಬಡ್ಡಿಯಲ್ಲಿ ಉಳಿದ 23 ದಿನಕ್ಕೆ ತಗಲುವುದು ಸುಮಾರು 740 ರೂಪಾಯಿ. ಹಾಗಾಗಿ ಓವರ್‌ಡ್ರಾಫ್ಟ್ ಇರುವ ಅಂಗಡಿಗೆ ಇಂಥ ಡಿಸ್ಕೌಂಟ್ ಸಿಗುತ್ತಿದ್ದರೆ ದೊಡ್ಡ ಲಿಮಿಟ್ಟಿಗಿಂತ ಬೇಗ ಕೊಡುವುದೇ ಲಾಭ. ಡಿಸ್ಕೌಂಟ್ ಇಲ್ಲದ ಕಡೆ, ಇಲ್ಲವೇ ಬ್ಯಾಂಕಿನ ಮಿತಿಯೂ ತುಂಬಿದ ಕಡೆ ಲಿಮಿಟ್ ಕೇಳುವುದು ಸರಿ.

ಕೊಡುವವರ ಭಯ

ಡಿಸ್ಟ್ರಿಬ್ಯೂಟರ್ ಕೂಡ ತನ್ನ ಮೇಲಿನ ಕಂಪನಿಗೆ ಹಣ ಕಟ್ಟಬೇಕಾದವನೇ. ಅವನ ಲಾಭ ನೂರಕ್ಕೆ 4 ಎಂದಿಟ್ಟುಕೊಳ್ಳಿ. ಒಂದು ಅಂಗಡಿಯಲ್ಲಿ 1 ಲಕ್ಷ ಮುಳುಗಿದರೆ ಆ ನಷ್ಟ ತುಂಬಲು 25 ಲಕ್ಷದ ಮಾಲು ಮಾರಬೇಕು. ಅದಕ್ಕೇ ಅವನು ಅಂಗಡಿ ಎಷ್ಟು ಕೊಳ್ಳುತ್ತದೆ ಎನ್ನುವುದಕ್ಕಿಂತ ಎಂದು ಕೊಡುತ್ತದೆ ಎಂಬುದನ್ನು ಹೆಚ್ಚು ನೋಡುತ್ತಾನೆ. ಖರೀದಿ ಒಮ್ಮೆಲೇ ಏರಿದ್ದು ಕಂಡರೆ ಅವನಿಗೆ ಅನುಮಾನವೂ ಬರಬಹುದು: ಬೇರೆ ಡಿಸ್ಟ್ರಿಬ್ಯೂಟರ್ ಉದ್ರಿ ನಿಲ್ಲಿಸಿದ್ದಕ್ಕೆ ಇವರು ಇಲ್ಲಿಗೆ ಬಂದರೇ? ಮತ್ತೊಂದು ಭಯ ಮಳೆಗಾಲದ್ದು. ಜೂನ್‌ನಲ್ಲಿ ಕಟ್ಟಡದ ಕೆಲಸ ತಗ್ಗುತ್ತದೆ, ಅಂಗಡಿಗೆ ಹಣ ಬರುವುದು ಕಡಿಮೆಯಾಗುತ್ತದೆ. ಆಗ ಬಾಕಿ ಉಳಿದರೆ ಏನು ಗತಿ?

ಆದ್ದರಿಂದ ಏಪ್ರಿಲ್‌ನಲ್ಲಿ ಮಾಲು ಸಿಕ್ಕಿಕೊಂಡಾಗ ಫೋನಿನಲ್ಲಿ ಅವಸರದಿಂದ ಕೇಳುವುದಕ್ಕಿಂತ, ಸೀಸನ್ನಿನ ಕೊನೆಯ ಬಿಲ್ ತೀರಿಸಿದ ಮೇಲೆ ಕೇಳುವುದು ಒಳ್ಳೆಯದು. ಸುಗ್ಗಿಯಲ್ಲಿ ಕೊಂಡದ್ದನ್ನು ಮಳೆಗಾಲದಲ್ಲೂ ತೀರಿಸಿದ ಅಂಗಡಿ ಎಂಬುದು ಅಷ್ಟರಲ್ಲಿ ಅವನ ಪುಸ್ತಕದಲ್ಲೇ ದಾಖಲಾಗಿರುತ್ತದೆ.

ಎಷ್ಟು ಕೇಳಬೇಕು, ಏನು ಬರೆಯಬೇಕು

ನಮ್ಮ ಅಂಗಡಿಯ ನಾಲ್ಕು ತಿಂಗಳ ಸರಾಸರಿ ಖರೀದಿ ಸುಮಾರು 5 ಲಕ್ಷ, ಅತಿ ಹೆಚ್ಚೆಂದರೆ 6 ಲಕ್ಷ. ಹಾಗಾದರೆ ವರ್ಷವಿಡೀ 5 ಲಕ್ಷ, ಜನವರಿಯಿಂದ ಮೇವರೆಗೆ ಮಾತ್ರ 6 ಲಕ್ಷ ಎಂದು ಕೇಳುವುದು ಲೆಕ್ಕಕ್ಕೆ ಸರಿಹೊಂದುತ್ತದೆ. ಮಳೆಗಾಲದಲ್ಲಿ ತಾನಾಗಿ ಇಳಿಯುವ ಲಿಮಿಟ್ಟನ್ನು ಒಪ್ಪಲು ಕೊಡುವವನಿಗೂ ಸುಲಭ. ಚೌಕಾಸಿಗೆ ಇರಲಿ ಎಂದು 10 ಲಕ್ಷ ಕೇಳಿದರೆ ಲೆಕ್ಕದ ಮೇಲಿನ ನಂಬಿಕೆಯೇ ಹೋಗುತ್ತದೆ. ಒಂದು ಪುಟದ ಪತ್ರ ಸಾಕು:

"ನಮ್ಮ ಖರೀದಿ ಜನವರಿಯ 4 ಲಕ್ಷದಿಂದ ಏಪ್ರಿಲ್‌ಗೆ 6 ಲಕ್ಷಕ್ಕೆ ಏರಿದೆ. ವಾಯಿದೆ 30 ದಿನವಿದ್ದರೂ ಏಪ್ರಿಲ್ ಬಿಲ್ಲುಗಳನ್ನು ಸರಾಸರಿ 20 ದಿನಕ್ಕೆ ತೀರಿಸಿದ್ದೇವೆ. ಫೆಬ್ರವರಿಯಲ್ಲಿ ಒಂದು ಬಿಲ್ 6 ದಿನ ತಡವಾಯಿತು. ಒಡೆದು ಬಂದ ಪೈಪುಗಳ ಕ್ರೆಡಿಟ್ ನೋಟ್‌ಗೆ ಕಾಯುತ್ತಿದ್ದೆವು. ಲಿಮಿಟ್ಟನ್ನು 5 ಲಕ್ಷಕ್ಕೂ, ಜನವರಿ-ಮೇ ಅವಧಿಗೆ 6 ಲಕ್ಷಕ್ಕೂ ಏರಿಸಿಕೊಡಬೇಕೆಂದು ಕೋರುತ್ತೇವೆ. 30 ದಿನದ ವಾಯಿದೆ ಹಾಗೇ ಇರಲಿ. ಯಾವುದಾದರೂ ಬಿಲ್ 35 ದಿನ ದಾಟಿದರೆ ಮಾಲು ನಿಲ್ಲಿಸಬಹುದು."

ತಡವಾದ ಬಿಲ್ಲನ್ನು ನಾವೇ ಹೇಳಬೇಕು, ಏಕೆಂದರೆ ಅದು ಅವರ ಲೆಡ್ಜರಿನಲ್ಲಿ ಕಾಣುತ್ತಲೇ ಇರುತ್ತದೆ. ಪತ್ರ ಕೊಡುವ ಮೊದಲು ಎರಡೂ ಕಡೆಯ ಲೆಡ್ಜರ್ ತಾಳೆ ನೋಡಿಕೊಳ್ಳಬೇಕು. ಬಾರದ ಕ್ರೆಡಿಟ್ ನೋಟ್, ಜಮಾ ಆಗದ ಸ್ಕೀಮ್ ಹಣ ಇವೆಲ್ಲ ಬಾಕಿಯಂತೆ ಕೂತು ಲಿಮಿಟ್ಟನ್ನು ತಿನ್ನುತ್ತಿರಬಹುದು. ಅವನ್ನು ಜಮಾ ಮಾಡಿಸಿದರೆ ಅಷ್ಟು ಜಾಗ ಕೇಳದೆಯೇ ಸಿಗುತ್ತದೆ.

ಲಿಮಿಟ್ ಏರಿಸುವಾಗ ಭದ್ರತೆಗೆಂದು ಸಹಿ ಹಾಕಿದ ಖಾಲಿ ಚೆಕ್ ಕೇಳುವ ರೂಢಿಯಿದೆ. ಇಲ್ಲಿ ಎಚ್ಚರ ಬೇಕು. ತಾನೇ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕನ್ನು ಪಡೆದವರು ಭರ್ತಿ ಮಾಡಿದರೂ, ಅದು ಬಾಕಿ ತೀರಿಸಲೆಂದೇ ಕೊಟ್ಟದ್ದೆಂದು ಕಾನೂನು ಮೊದಲಿಗೆ ಊಹಿಸುತ್ತದೆ, ಅಲ್ಲವೆಂದು ತೋರಿಸುವ ಹೊಣೆ ಸಹಿ ಹಾಕಿದವನದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಕೊಡಲೇಬೇಕಾದರೆ ಚೆಕ್ಕಿನ ನಂಬರು, ಕೊಡುವ ಉದ್ದೇಶ, ಅದು ಯಾವ ಮೊತ್ತದವರೆಗೆ ಎಂಬುದನ್ನು ಪತ್ರದಲ್ಲಿ ಬರೆದು, ಪ್ರತಿಯ ಮೇಲೆ ಅವರ ಸಹಿ-ಮೊಹರು ಪಡೆಯಬೇಕು.

ಪೂರ್ತಿ ಒಪ್ಪದಿದ್ದರೆ 5 ಲಕ್ಷದಿಂದಲೇ ಶುರುಮಾಡಿ, ಮೂರು ತಿಂಗಳು ವಾಯಿದೆ ತಪ್ಪದಿದ್ದರೆ ಮತ್ತೆ ಮಾತಾಡೋಣ ಎಂದು ದಿನಾಂಕ ಗೊತ್ತುಮಾಡಿಕೊಳ್ಳಿ. ಒಪ್ಪಿದರೆ ಹೊಸ ಮೊತ್ತವನ್ನು, ಅದು ಎಂದಿನಿಂದ ಎಂದಿನವರೆಗೆ ಎಂಬುದನ್ನು ವಾಟ್ಸಾಪಿನಲ್ಲಾದರೂ ಬರಹದಲ್ಲಿ ಪಡೆಯಿರಿ. ಮಾತಿನಲ್ಲಿ ಒಪ್ಪಿದ್ದು ಅವರ ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ನಮೂದಾಗದಿದ್ದರೆ ಮುಂದಿನ ಬೇಸಿಗೆಯಲ್ಲೂ ಲೋಡು ಹಳೆಯ ಲಿಮಿಟ್ಟಿಗೇ ನಿಲ್ಲುತ್ತದೆ.