ಮೂರೂವರೆ ನಿಮಿಷದ ಕೋಣೆ

ಅಮೆರಿಕದ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಸಂಸ್ಥೆಯವರು ಒಂದೇ ಅಳತೆಯ ಎರಡು ಹಾಲ್‌ಗಳನ್ನು ಕಟ್ಟಿ, ಎರಡಕ್ಕೂ ಬೆಂಕಿ ಹಚ್ಚಿ ನೋಡಿದರು. ಎರಡಕ್ಕೂ ಒಂದು ಬದಿಯ ಗೋಡೆಯಲ್ಲಿ ದೊಡ್ಡ ತೆರಪಿತ್ತು. ಒಂದರೊಳಗೆ ಹಿಂದಿನ ಕಾಲದ ಮರ ಮತ್ತು ಹತ್ತಿಯ ಸಾಮಾನು, ಇನ್ನೊಂದರಲ್ಲಿ ಈಗಿನ ಫೋಮ್ ಸೋಫಾ, ಸಿಂಥೆಟಿಕ್ ಬಟ್ಟೆಗಳು. ಹಳೆಯ ಸಾಮಾನಿನ ಹಾಲ್ ಪೂರ್ತಿ ಹೊತ್ತಿಕೊಳ್ಳಲು ಸುಮಾರು 29 ನಿಮಿಷ ಹಿಡಿಯಿತು. ಹೊಸದಕ್ಕೆ ಸಾಕಾದದ್ದು ಬರೀ ಮೂರೂವರೆ ನಿಮಿಷ.

ಹೊತ್ತಿಕೊಳ್ಳುವ ಆ ಗಳಿಗೆಗೆ ಅಗ್ನಿಶಾಮಕದವರು ಹೇಳುವ ಹೆಸರು ಫ್ಲ್ಯಾಶ್‌ಓವರ್. ಬೆಂಕಿ ಒಂದು ವಸ್ತುವಿನಿಂದ ಪಕ್ಕದ್ದಕ್ಕೆ ತಗುಲುತ್ತಾ ಹಬ್ಬುತ್ತದೆ ಎಂದು ನಾವು ಎಣಿಸುತ್ತೇವೆ. ಕೋಣೆಯೊಳಗೆ ಆಗುವುದೇ ಬೇರೆ. ಸೋಫಾದ ಮೂಲೆಯಿಂದ ಎದ್ದ ಬಿಸಿ ಹೊಗೆ ಸೂರಿಗೆ ಬಡಿದು ನಾಲ್ಕೂ ಕಡೆ ಹರಡುತ್ತದೆ, ಹೋಗಲು ದಾರಿಯಿಲ್ಲದೆ ಅಲ್ಲೇ ದಟ್ಟವಾಗುತ್ತಾ ಕೆಳಗಿಳಿಯುತ್ತದೆ. ಆ ಹೊಗೆ ಬರೀ ಮಸಿಯಲ್ಲ, ಇನ್ನೂ ಉರಿಯಬಲ್ಲ ಅನಿಲವೂ ಅದರಲ್ಲಿದೆ. ಅದರ ಬಿಸಿ 500ರಿಂದ 600 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ನೆಲದ ಒಂದೊಂದು ಚದರ ಮೀಟರಿಗೂ ಸುಮಾರು 20 ಕಿಲೋವ್ಯಾಟ್ ಶಾಖ ಮೇಲಿನಿಂದ ಸುರಿಯುತ್ತಿರುತ್ತದೆ. ನಡುಮಧ್ಯಾಹ್ನದ ಉರಿಬಿಸಿಲು ಕೊಡುವುದು ಸುಮಾರು ಒಂದು ಕಿಲೋವ್ಯಾಟ್! ಜ್ವಾಲೆ ಹತ್ತಿರ ಬಾರದಿದ್ದರೂ ಟೀಪಾಯಿಯ ಮೇಲಿನ ಪತ್ರಿಕೆ, ಕಾರ್ಪೆಟ್ಟು, ಆಚೆ ಮೂಲೆಯ ಕುರ್ಚಿ ಎಲ್ಲವೂ ಹೊಗೆಯಾಡತೊಡಗುತ್ತವೆ. ಮುಂದಿನ ಕೆಲವು ಸೆಕೆಂಡುಗಳಲ್ಲಿ ಒಟ್ಟಿಗೇ ಧಗ್ಗನೆ ಹತ್ತಿಕೊಳ್ಳುತ್ತವೆ. ರಕ್ಷಣಾ ಉಡುಪು ತೊಟ್ಟ ಅಗ್ನಿಶಾಮಕ ಸಿಬ್ಬಂದಿಗೂ ಅಲ್ಲಿ ಉಳಿಗಾಲವಿಲ್ಲ.

ಮುನ್ಸೂಚನೆಗಳಿವೆ. ಹೊಗೆ ಕಪ್ಪಗಾಗಿ ಬೇಗಬೇಗ ಕೆಳಗಿಳಿಯುತ್ತದೆ, ನಿಂತವರನ್ನು ನೆಲಕ್ಕೆ ಕೂರಿಸುವಷ್ಟು ಝಳ ಬಡಿಯುತ್ತದೆ, ಸೂರಿನ ಹೊಗೆಯೊಳಗೆ ಬೆಂಕಿಯ ನಾಲಿಗೆಗಳು ಉರುಳಾಡುತ್ತವೆ. ಆದರೆ ಇವು ಮನೆಯವರಿಗೆಂದು ಇರುವ ಸೂಚನೆಗಳಲ್ಲ. ಇವು ಕಾಣುವಷ್ಟರಲ್ಲಿ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಪ್ರಜ್ಞೆ ತಪ್ಪಿಸಿರಬಹುದು. ಅದಕ್ಕೇ ಮೂರೂವರೆ ನಿಮಿಷವೂ ನಮ್ಮ ಪಾಲಿಗೆ ಸಿಗುವುದಿಲ್ಲ. ಬೆಂಕಿ ಕಣ್ಣಿಗೆ ಬೀಳುವ ಮೊದಲೇ ಅದರಲ್ಲಿ ಒಂದಿಷ್ಟು ಕಳೆದಿರುತ್ತದೆ, ಮಕ್ಕಳನ್ನು ಎಬ್ಬಿಸಲು, ಬಾಗಿಲಿನ ಚಿಲಕ ತೆಗೆಯಲು ಇನ್ನಷ್ಟು ಹೋಗುತ್ತದೆ. ನಮ್ಮ ಮನೆಗಳ ಕಿಟಕಿಗಳಿಗೆ ಕಬ್ಬಿಣದ ಗ್ರಿಲ್ ಇರುವುದರಿಂದ ಬಾಗಿಲೊಂದೇ ದಾರಿ. ಕಪಾಟಿನ ಕಾಗದಪತ್ರ, ಒಡವೆ ಹುಡುಕುವವರು ಖರ್ಚು ಮಾಡುವುದು ಈ ಸೆಕೆಂಡುಗಳನ್ನೇ.

ಕಿಟಕಿ ಬಾಗಿಲು ಪೂರ್ತಿ ಮುಚ್ಚಿದ ಕೋಣೆಯಲ್ಲಿ ಕಥೆ ಸ್ವಲ್ಪ ಬೇರೆ. ಆಮ್ಲಜನಕ ಕಡಿಮೆಯಾಗಿ ಜ್ವಾಲೆ ಕುಗ್ಗುತ್ತದೆ, ಬೆಂಕಿ ತಾನಾಗಿ ಆರಿತೇನೋ ಅನಿಸುತ್ತದೆ. ಒಳಗೆ ಮಾತ್ರ ಬಿಸಿ ಅನಿಲ ತುಂಬಿಕೊಂಡೇ ಇರುತ್ತದೆ. ಬಾಗಿಲು ತೆರೆದು ಗಾಳಿ ಸಿಕ್ಕರೆ ಒಂದೆರಡು ನಿಮಿಷದಲ್ಲೇ ಫ್ಲ್ಯಾಶ್‌ಓವರ್ ಆಗಬಹುದು. ಆದ್ದರಿಂದ ಹೊರಬರುವಾಗ ಎಲ್ಲರೂ ಬಂದ ಮೇಲೆ ಬೆಂಕಿ ಬಿದ್ದ ಕೋಣೆಯ ಬಾಗಿಲನ್ನು ಎಳೆದು ಮುಚ್ಚಿಕೊಂಡು ಬರಬೇಕು, ಬೀಗ ಹಾಕಬಾರದು. ಮುಚ್ಚಿದ ಮಾಮೂಲಿ ಮರದ ಬಾಗಿಲು ಕೂಡ ಪಡಸಾಲೆಗೆ, ಮೆಟ್ಟಿಲಿಗೆ ಹೊಗೆ ನುಗ್ಗುವುದನ್ನು ಕೆಲವು ನಿಮಿಷ ತಡೆಯುತ್ತದೆ. ಮೇಲಿನ ಮಹಡಿಯವರು ಇಳಿದು ಬರುವುದು ಆ ನಿಮಿಷಗಳಲ್ಲಿ. 112ಕ್ಕೆ ಕರೆ ಮಾಡುವುದು ಬೀದಿಗೆ ಬಂದ ಮೇಲೆ. ಮೊಬೈಲ್ ಒಳಗೇ ಉಳಿದಿದ್ದರೆ ಪಕ್ಕದ ಮನೆಯವರದ್ದು ಕೇಳಿ.