ಉಕ್ತಲೇಖನದಲ್ಲಿ ಮೌನ ಎಷ್ಟು ಸೆಕೆಂಡು?

ಬೆಂಗಳೂರಿಗೆ ಕೆಲಸಕ್ಕೆಂದು ಬಂದು ಕನ್ನಡ ಕಲಿಯುತ್ತಿರುವವರಿಗೆ ಉಕ್ತಲೇಖನ ಕೊಡುವಾಗ ನಾವೆಲ್ಲ ಮಾಡುವ ಕೆಲಸ ಒಂದೇ: ಪದಗಳನ್ನು ಎಳೆದೆಳೆದು ಓದುವುದು. ಅವರಿಗೆ ಉಪಕಾರ ಮಾಡುತ್ತಿದ್ದೇವೆ ಅಂದುಕೊಳ್ಳುತ್ತೇವೆ. ಆದರೆ ಹ್ರಸ್ವ ದೀರ್ಘಗಳ ಮೇಲೆ ನಿಂತ ಭಾಷೆ ಇದು. 'ಬಿಡಿ'ಯನ್ನು ಎಳೆದು ಹೇಳಿದರೆ ಕೇಳಿದವನು 'ಬೀಡಿ' ಎಂದೇ ಬರೆಯುತ್ತಾನೆ, ತಪ್ಪು ಅವನದಲ್ಲ. ಓದುವ ವೇಗ ಮಾತಿನದೇ ಇರಲಿ. ಹಿಗ್ಗಬೇಕಾದದ್ದು ತುಣುಕು ತುಣುಕಿನ ನಡುವಿನ ಮೌನ.

ಈ ಮೌನವನ್ನು ಈಗ ಕಂಪ್ಯೂಟರಿನಲ್ಲಿ ಅಳೆದು ಕೂರಿಸಬಹುದು. ಪಠ್ಯವನ್ನು ಧ್ವನಿಯಾಗಿಸುವ ತಂತ್ರಾಂಶಗಳಲ್ಲಿ ಹಲವು ಕನ್ನಡವನ್ನೂ ಓದುತ್ತವೆ. ಹಣ ಕೊಡದೆ ಸಿಗುವ `espeak-ng` ಅಂಥದ್ದೊಂದು. ಅದರ ದನಿ ಯಂತ್ರದ್ದೇ, ಕಿವಿಗೆ ಹಿತವಲ್ಲ, ಆದರೂ ಪ್ರಯೋಗಕ್ಕೆ ಸಾಕು. ಪಠ್ಯದ ನಡುವೆ ಎಲ್ಲಿ, ಎಷ್ಟು ಹೊತ್ತು ನಿಲ್ಲಬೇಕೆಂದು ಇಂಥ ತಂತ್ರಾಂಶಗಳಿಗೆ ಹೀಗೆ ಹೇಳುತ್ತೇವೆ:

```
<speak>
ನಮ್ಮ ಬೀದಿಯ ಕೊನೆಯಲ್ಲಿ, <break time="18500ms"/>
ಒಂದು ಹೂವಿನ ಅಂಗಡಿ ಇದೆ. <break time="17000ms"/>
</speak>
```

ಹದಿನೆಂಟೂವರೆ, ಹದಿನೇಳು ಸೆಕೆಂಡು ಎಂಬ ಲೆಕ್ಕ ಎಲ್ಲಿಂದ ಬಂತು? ಒಂದು ಪುಟ್ಟ ಪಾಠ ಇಟ್ಟುಕೊಂಡು ನೋಡೋಣ. "ನಮ್ಮ ಬೀದಿಯ ಕೊನೆಯಲ್ಲಿ ಒಂದು ಹೂವಿನ ಅಂಗಡಿ ಇದೆ. ಬೆಳಿಗ್ಗೆ ಆರು ಗಂಟೆಗೇ ಅಂಗಡಿಯಮ್ಮ ಬಾಗಿಲು ತೆರೆಯುತ್ತಾರೆ. ಮಲ್ಲಿಗೆಯನ್ನು ಮೊಳದ ಲೆಕ್ಕದಲ್ಲಿ ಅಳೆದು ಬಾಳೆ ಎಲೆಯಲ್ಲಿ ಕಟ್ಟಿ ಕೊಡುತ್ತಾರೆ."

ಮೊದಲ ಕೆಲಸ ತುಂಡರಿಸುವುದು. ಪೂರ್ಣವಿರಾಮ ಕಂಡಲ್ಲೆಲ್ಲ ಕತ್ತರಿಸು ಎಂದು ಯಂತ್ರಕ್ಕೆ ಬಿಟ್ಟರೆ ಮೂರೇ ತುಣುಕು ಸಿಗುತ್ತವೆ, ಮೂರನೆಯದನ್ನು ಯಾರೂ ತಲೆಯಲ್ಲಿ ಹಿಡಿದಿಟ್ಟುಕೊಳ್ಳಲಾರರು. ಎರಡೆರಡು ಪದಕ್ಕೆ ಕತ್ತರಿಸು ಎಂದರೆ 'ಬೀದಿಯ' ಒಂದು ಕಡೆ, 'ಕೊನೆಯಲ್ಲಿ' ಇನ್ನೊಂದು ಕಡೆ ಬೀಳುವ ಅಪಾಯ. ಹೀಗಾಗಿ ಕತ್ತರಿ ನಮ್ಮ ಕೈಯಲ್ಲೇ ಇರಬೇಕು. ಬಿಡಿಸಿ ಬಾಯಲ್ಲಿ ಹೇಳಿಕೊಂಡಾಗ ಉಸಿರು ಎಲ್ಲಿ ತಾನಾಗಿ ನಿಲ್ಲುತ್ತದೋ ಅಲ್ಲಿ ಗೆರೆ: 'ಕೊನೆಯಲ್ಲಿ' ಆದ ಮೇಲೆ, 'ಗಂಟೆಗೇ' ಆದ ಮೇಲೆ, 'ಅಳೆದು' ಆದ ಮೇಲೆ.

ಎರಡನೆಯದು ಮೌನದ ಅಳತೆ. ಪದ ಎಣಿಸಿದರೆ ಪ್ರಯೋಜನವಿಲ್ಲ, 'ತೆರೆಯುತ್ತಾರೆ' ಒಂದೇ ಪದದಲ್ಲಿ ಐದಕ್ಷರ ಇದೆ. ಅಕ್ಷರವನ್ನೇ ಎಣಿಸಬೇಕು, ಒತ್ತಕ್ಷರ ಬಂದರೆ ಎರಡೆಂದು ಹಿಡಿಯಬೇಕು, ಏಕೆಂದರೆ ಹೊಸಬರ ಕೈ ನಿಧಾನವಾಗುವುದು ಅಲ್ಲೇ. 'ನಮ್ಮ ಬೀದಿಯ ಕೊನೆಯಲ್ಲಿ' ಎಂಬುದರಲ್ಲಿ ಒಂಬತ್ತು ಅಕ್ಷರ, ಎರಡು ಒತ್ತು, ಒಟ್ಟು 11. ಕಲಿಯುವವರಿಗೆ ಗೊತ್ತಿರುವ ಒಂದು ಸಾಲನ್ನು ಹೇಳಿ ಬರೆಸಿ, ಗಡಿಯಾರ ನೋಡಿ. ಇದೇ ಲೆಕ್ಕದ 40 ಅಂಶಕ್ಕೆ ಒಂದು ನಿಮಿಷ ಹಿಡಿದರೆ ಅಂಶಕ್ಕೆ 1.5 ಸೆಕೆಂಡು. 11ಕ್ಕೆ ಹದಿನಾರೂವರೆ, ಪೆನ್ನು ಎತ್ತಿ ಕಿವಿಗೊಡಲು ಇನ್ನೆರಡು: ಹದಿನೆಂಟೂವರೆ.

ಈ ಲೆಕ್ಕ ತುಂಡರಿಸಿದ್ದರ ತಪ್ಪನ್ನೂ ತೋರಿಸಿಕೊಡುತ್ತದೆ. 'ಮಲ್ಲಿಗೆಯನ್ನು ಮೊಳದ ಲೆಕ್ಕದಲ್ಲಿ ಅಳೆದು' ಎಂಬುದಕ್ಕೆ ಮೂವತ್ತು ಸೆಕೆಂಡಿಗೂ ಹೆಚ್ಚು ಬರುತ್ತದೆ. ಅಷ್ಟು ಹೊತ್ತಿಗೆ ಕೇಳಿದ್ದರ ಬಾಲ ಮರೆತಿರುತ್ತದೆ. 'ಮಲ್ಲಿಗೆಯನ್ನು' ಅನ್ನು ಬೇರೆ ಮಾಡಿದರೆ ಹನ್ನೆರಡೂವರೆ, ಇಪ್ಪತ್ತು ಎಂದು ಎರಡಾಗುತ್ತದೆ. ಇಡೀ ಪಾಠದ ಏಳು ತುಣುಕಿಗೆ ಮೌನವೇ 132 ಸೆಕೆಂಡು ಚಿಲ್ಲರೆ. ಕೈ ಪಳಗಿದ ಮೇಲೆ 1.5ನ್ನು 1.2 ಮಾಡಿದರೆ ಅದು 109 ಸೆಕೆಂಡಿಗೆ ಇಳಿಯುತ್ತದೆ. ದನಿಯನ್ನು ಮುಟ್ಟುವುದೇ ಇಲ್ಲ.

ತಯಾರಾದ ಕಡತದ ಒಟ್ಟು ಉದ್ದವನ್ನು ಒಮ್ಮೆ ನೋಡಿಕೊಳ್ಳಿ. ಒಂದು ನಿಲುಗಡೆ ಇಷ್ಟೇ ಸೆಕೆಂಡು ಮೀರಬಾರದೆಂಬ ಮಿತಿ ಕೆಲವು ಸೇವೆಗಳಲ್ಲಿದೆ. ಲೆಕ್ಕಕ್ಕಿಂತ ಕಡತ ಗಿಡ್ಡವಾಗಿದ್ದರೆ ಮೌನ ಮೊಟಕಾಗಿದೆ ಎಂದೇ ಅರ್ಥ. ಆಗ ಎರಡು ನಿಲುಗಡೆಗಳನ್ನು ಒಂದರ ಹಿಂದೊಂದು ಇಟ್ಟು ನೋಡಬೇಕು. ತುಣುಕುಗಳನ್ನು ಬಿಡಿಬಿಡಿಯಾಗಿ ಓದಿಸಿ ಜೋಡಿಸಿದರೆ ಇನ್ನೊಂದು ತಕರಾರು: ಪ್ರತಿ ತುಣುಕಿನ ಕೊನೆಗೂ ವಾಕ್ಯ ಮುಗಿದಂತೆ ದನಿ ಇಳಿಯುತ್ತದೆ, ಕೇಳಿದವರು ಅಲ್ಲೆಲ್ಲ ಪೂರ್ಣವಿರಾಮ ಹಾಕುತ್ತಾರೆ. ಮೇಲಿನ ಸಾಲಿನಲ್ಲಿ 'ಕೊನೆಯಲ್ಲಿ' ಪಕ್ಕ ಅಲ್ಪವಿರಾಮ ಇಟ್ಟದ್ದು ಅದಕ್ಕೇ. ಸಂಧಿಯ ವಿಷಯದಲ್ಲಿ ಮಾತ್ರ ಉದಾರವಾಗಿರಿ. 'ಅಂಗಡಿಯಿದೆ' ಎಂದು ಕೂಡಿಸಿ ಬರೆದವರಿಗೂ ಅಂಕ ಸಲ್ಲಬೇಕು.

ಪಾಠವನ್ನು ಮೊದಲು ನಿಲ್ಲಿಸದೆ ಒಮ್ಮೆ, ಆಮೇಲೆ ಮೌನದೊಂದಿಗೆ, ಕೊನೆಗೆ ತಿದ್ದಿಕೊಳ್ಳಲು ಮತ್ತೊಮ್ಮೆ ನಿಲ್ಲಿಸದೆ ಕೇಳಿಸುವುದು ರೂಢಿ. ಅದಾದ ಮೇಲೆ ಬರೆದ ಹಾಳೆಯಲ್ಲಿ ತಪ್ಪು ಎಷ್ಟು ಎನ್ನುವುದಕ್ಕಿಂತ ಎಲ್ಲಿ ಎಂದು ನೋಡಿ. ತುಣುಕುಗಳ ಮೊದಲ ಪದ ಬಿಟ್ಟುಹೋಗಿದ್ದರೆ ಹಿಂದಿನದನ್ನು ಇನ್ನೂ ಬರೆಯುತ್ತಿದ್ದರು, ಮೌನ ಸಾಲಲಿಲ್ಲ. ಕೊನೆಯ ಪದ ಬಿಟ್ಟುಹೋಗಿದ್ದರೆ ಮೌನ ಹೆಚ್ಚಿಸಿ ಫಲವಿಲ್ಲ, ತುಣುಕನ್ನೇ ಗಿಡ್ಡ ಮಾಡಬೇಕು. ಪದವೆಲ್ಲ ಇದ್ದು 'ಕತ್ತೆ' ಹೋಗಿ 'ಕತೆ' ಆಗಿದ್ದರೆ ಸೆಕೆಂಡುಗಳ ತಂಟೆಗೇ ಹೋಗಬೇಡಿ. ಒತ್ತನ್ನು ಕೇಳುವ ಅಭ್ಯಾಸವನ್ನು ಬೇರೆಯಾಗಿಯೇ ಮಾಡಿಸಬೇಕು.